ಒಂದೇ ಮಾತು, ಮೂರು ಕೋಡಿಂಗ್: ಸಂದರ್ಶನದಿಂದ ಥೀಮ್‌ಗೆ ಯಾವ ದಾರಿ ಹಿಡಿಯಬೇಕು?

ಹದಿನಾರು ಸಂದರ್ಶನ ಮುಗಿದಿವೆ. ಟೈಪ್ ಮಾಡಿ ನೋಡಿದರೆ ಇನ್ನೂರೈವತ್ತು ಪುಟ. ಗೈಡ್ ಹತ್ತಿರ ಹೋದರೆ "ಸರಿ, ಇನ್ನು ಕೋಡಿಂಗ್ ಮಾಡಿ ಥೀಮ್ ತೆಗೀರಿ" ಅಂತಾರೆ. ಮಾತಿನ ತುಣುಕುಗಳಿಗೆ ಒಂದೊಂದು ಹೆಸರು ಹಚ್ಚುವುದು ಕೋಡಿಂಗ್, ಆ ಹೆಸರುಗಳನ್ನು ಕೂಡಿಸಿ ಹೇಳುವ ದೊಡ್ಡ ಅರ್ಥ ಥೀಮ್. ಥೀಮ್ ಏನು ಬಾವಿಗೆ ಬಿದ್ದ ಕೊಡವೇ, ಪಾತಾಳಗರಡಿ ಇಳಿಬಿಟ್ಟು ತೆಗೆಯೋಕೆ?

ಹೇಗೋ ತೆಗೆದೂ ಬಿಡುತ್ತೇವೆ. ಆಮೇಲೆ ಪ್ರಬಂಧದಲ್ಲಿ ಒಂದು ಸಾಲು ಬರುತ್ತದೆ: "ಸಂದರ್ಶನಗಳಿಂದ ನಾಲ್ಕು ಥೀಮ್‌ಗಳು ಮೂಡಿಬಂದವು." ಈ "ಮೂಡಿಬಂದವು", "ಕಂಡುಬಂದಿದೆ", "ತಿಳಿದುಬರುತ್ತದೆ" ಎಂಬ ಮಾತುಗಳಲ್ಲಿ ಒಂದು ಅನುಕೂಲ ಇದೆ. ಕೆಲಸ ಮಾಡಿದವರು ಯಾರು, ಹೇಗೆ ಮಾಡಿದರು ಅಂತ ಹೇಳಬೇಕಾಗಿಲ್ಲ. ಆದರೆ ಓದುವವರಿಗೆ ಬೇಕಾಗಿರುವುದು ಅದೇ. ಇನ್ನೂರೈವತ್ತು ಪುಟ ನಾಲ್ಕು ಥೀಮ್ ಆಗುವಷ್ಟರಲ್ಲಿ ನೀವು ಏನನ್ನು ಇಟ್ಟುಕೊಂಡಿರಿ, ಏನನ್ನು ಬಿಟ್ಟಿರಿ?

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ದಾರಿಗಳು ಮೂರು. ಒಂದು, ಕೋಡ್‌ಬುಕ್ ಬರೆದುಕೊಂಡು ಇಬ್ಬರು ಬೇರೆ ಬೇರೆ ಕೂತು ಕೋಡ್ ಮಾಡಿ ತಾಳೆ ನೋಡುವುದು. ಎರಡು, ಫ್ರೇಮ್‌ವರ್ಕ್, ಅಂದರೆ ಎಲ್ಲರ ಮಾತನ್ನೂ ಒಂದು ದೊಡ್ಡ ಕೋಷ್ಟಕಕ್ಕೆ ಇಳಿಸುವುದು. ಮೂರು, ರಿಫ್ಲೆಕ್ಸಿವ್ ಥೀಮ್ಯಾಟಿಕ್ ಅನಾಲಿಸಿಸ್. ಇದರಲ್ಲಿ ಅರ್ಥ ಮಾಡಿಕೊಳ್ಳುವವರು ತಾವೇ ಅಂತ ಒಪ್ಪಿಕೊಂಡು ಮುಂದೆ ಹೋಗುತ್ತೀರಿ. ಯಾವುದು ಮೇಲು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರತಿ ದಾರಿಯೂ ಓದುಗರಿಗೆ ಬೇರೆ ಬೇರೆ ಸಾಕ್ಷಿ ಕೊಡಬೇಕಾಗುತ್ತದೆ. ಯಾವ ಸಾಕ್ಷಿ ಕೊಡಲು ನಿಮ್ಮ ಕೈಲಿ ಆಗುತ್ತದೆ ಅಂತ ಮೊದಲು ನೋಡಿಕೊಳ್ಳಿ. ದಾರಿ ಅಲ್ಲಿಂದ ಸಿಗುತ್ತದೆ.

(ಗ್ರೌಂಡೆಡ್ ಥಿಯರಿಯನ್ನು ಇಲ್ಲಿ ಬಿಟ್ಟಿದ್ದೇನೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಮುಂದಿಟ್ಟ ಆ ವಿಧಾನದಲ್ಲಿ ಸಂದರ್ಶನ, ಕೋಡಿಂಗ್ ಎರಡೂ ಜೊತೆಜೊತೆಗೆ ನಡೆಯಬೇಕು. ಮುಂದೆ ಯಾರನ್ನು ಮಾತಾಡಿಸಬೇಕು ಅನ್ನುವುದನ್ನೂ ಕೋಡಿಂಗೇ ತೀರ್ಮಾನಿಸುತ್ತದೆ. ಹದಿನಾರೂ ಮುಗಿಸಿ ಕೂತವರಿಗೆ ಅದು ಕೈತಪ್ಪಿದ ಬಸ್ಸು.)

ಒಂದು ತುಣುಕು ಇಟ್ಟುಕೊಳ್ಳೋಣ

ಮೂರನ್ನೂ ಒಂದೇ ಮಾತಿನ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಉದಾಹರಣೆಗೆ ಆಶಾ ಕಾರ್ಯಕರ್ತೆಯರನ್ನು ತೆಗೆದುಕೊಂಡಿದ್ದೇನೆ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದ ವ್ಯವಸ್ಥೆ ಇದು. ಸುಮಾರು ಸಾವಿರ ಜನಕ್ಕೆ ಒಬ್ಬರು, ಅದೇ ಊರಲ್ಲಿ ವಾಸ ಮಾಡುವ ಹೆಂಗಸಾಗಿರಬೇಕು. ಖಾಯಂ ನೌಕರಿ ಅಲ್ಲ. ಇಂಥ ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ ಸಿಗುತ್ತದೆ.

ಸಂಶೋಧನೆಯ ಪ್ರಶ್ನೆ ಇದು ಅಂದುಕೊಳ್ಳಿ: ರಾತ್ರಿ ಹೆರಿಗೆಗೆ ಕರೆ ಬಂದರೆ ಇವರು ಯಾಕೆ ಎದ್ದು ಹೋಗುತ್ತಾರೆ? ಕೆಳಗಿನ ಮಾತು ಯಾವ ನಿಜವಾದ ವ್ಯಕ್ತಿಯದ್ದೂ ಅಲ್ಲ, ಈ ಲೇಖನಕ್ಕೆ ನಾನೇ ಕಟ್ಟಿದ್ದು. ಮುಂದೆ ಬರುವ ಉಳಿದ ಸಂದರ್ಶನಗಳೂ ಹಾಗೇ.

"ಫೋನ್ ಬಂದ್ರೆ ರಾತ್ರಿ ಎರಡು ಗಂಟೆ ಆಗಿದ್ರೂ ಎದ್ದು ಹೋಗ್ತೀನಿ. ದುಡ್ಡಿಗಲ್ಲ ಮೇಡಂ, ಅದು ಎಷ್ಟು ಬರ್ತದೆ ಬಿಡಿ. ಹೋಗ್ಲಿಲ್ಲ ಅಂದ್ರೆ ಬೆಳಗ್ಗೆ ಅದೇ ಓಣಿಯಲ್ಲಿ ನಾನು ಓಡಾಡಬೇಕಲ್ವಾ. ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆಗ್ತದೆ, ನನಗೆಲ್ಲಿ ಆಗ್ತದೆ? ನಮ್ಮ ಮನೆಯವರು ಬೈತಾರೆ. ಬೈಲಿ. ಕೂಸು ಹುಟ್ಟಿದ ಮೇಲೆ ಅವರ ಅತ್ತೆ ಮೊದಲು ನನ್ನ ಕೈಗೇ ಕೊಟ್ರು."

ಆರೇಳು ಸಾಲು. ಇದರಲ್ಲಿ ಏನಿದೆ?

ಮೊದಲ ದಾರಿ: ಕೋಡ್‌ಬುಕ್, ಇಬ್ಬರು ಕೋಡರ್

ಇಲ್ಲಿ ಮೊದಲು ಕೋಡ್‌ಬುಕ್ ತಯಾರಾಗುತ್ತದೆ. ಪ್ರತಿ ಕೋಡ್‌ಗೂ ಹೆಸರು, ಎರಡು ಸಾಲಿನ ವಿವರಣೆ, ಯಾವಾಗ ಹಚ್ಚಬೇಕು, ಯಾವಾಗ ಹಚ್ಚಬಾರದು, ಒಂದು ಉದಾಹರಣೆ. ನಮ್ಮ ತುಣುಕಿಗೆ "ರಾತ್ರಿ ಕೆಲಸ", "ಪ್ರೋತ್ಸಾಹಧನ", "ಊರಿನ ಒತ್ತಡ", "ಕುಟುಂಬದ ವಿರೋಧ" ಎಂಬ ನಾಲ್ಕು ಕೋಡ್ ಬೀಳಬಹುದು. ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಕೋಡ್ ಮಾಡುತ್ತಾರೆ. ಆಮೇಲೆ ಎಷ್ಟು ತಾಳೆಯಾಯಿತು ಅಂತ ಲೆಕ್ಕ ಹಾಕುತ್ತಾರೆ.

ಲೆಕ್ಕಕ್ಕೆ ಕೂರುವ ಮೊದಲೇ ಒಂದು ತೊಡಕಿದೆ. ತಾಳೆ ನೋಡುವುದು ಯಾವುದರ ಮೇಲೆ? ಸಾಲಿನ ಮೇಲೋ, ಪೂರ್ತಿ ಉತ್ತರದ ಮೇಲೋ? ಒಬ್ಬರು "ಬೈಲಿ" ಅನ್ನುವ ಒಂದೇ ಪದಕ್ಕೆ ಕೋಡ್ ಹಚ್ಚಿ, ಇನ್ನೊಬ್ಬರು ಇಡೀ ಉತ್ತರಕ್ಕೆ ಹಚ್ಚಿದರೆ ಹೋಲಿಸಲು ಏನೂ ಇರುವುದಿಲ್ಲ. ಹಾಗಾಗಿ ಟ್ರಾನ್ಸ್‌ಕ್ರಿಪ್ಟನ್ನು ಮೊದಲೇ ತುಣುಕು ಮಾಡಿ, ನಂಬರ್ ಹಾಕಿ ಇಬ್ಬರಿಗೂ ಕೊಡಬೇಕು.

ಇನ್ನು ಲೆಕ್ಕ. ನೂರು ತುಣುಕು ಇವೆ ಅಂದುಕೊಳ್ಳಿ. "ಊರಿನ ಒತ್ತಡ" ಎಂಬ ಕೋಡನ್ನು ಇಬ್ಬರೂ ಹಚ್ಚಿದ್ದು 4ಕ್ಕೆ. ಮೊದಲನೆಯವರು ಮಾತ್ರ ಹಚ್ಚಿದ್ದು 3ಕ್ಕೆ, ಎರಡನೆಯವರು ಮಾತ್ರ 3ಕ್ಕೆ. ಉಳಿದ 90ಕ್ಕೆ ಇಬ್ಬರೂ ಹಚ್ಚಿಲ್ಲ. ನೂರಕ್ಕೆ 94 ಒಪ್ಪಿಗೆ! ಕೇಳೋಕೆ ಚೆನ್ನಾಗಿದೆ. ಆದರೆ ಅಪರೂಪದ ಕೋಡ್ ಆದ್ದರಿಂದ, ಸುಮ್ನೆ ಅಲ್ಲಿ ಇಲ್ಲಿ ಏಳೇಳು ಕಡೆ ಹಚ್ಚಿದ್ದರೂ ಹೆಚ್ಚುಕಡಿಮೆ 87 ತಾಳೆಯಾಗುತ್ತಿತ್ತು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಈ ಆಕಸ್ಮಿಕ ಒಪ್ಪಿಗೆಯನ್ನು ಕಳೆಯುತ್ತದೆ.

```
kappa = (0.94 - 0.87) / (1 - 0.87) = 0.54
```

0.94 ಇದ್ದದ್ದು 0.54ಕ್ಕೆ ಇಳಿಯಿತು. ಲ್ಯಾಂಡಿಸ್ ಮತ್ತು ಕೋಖ್ 1977ರಲ್ಲಿ ಕೊಟ್ಟ ಪಟ್ಟಿಯಲ್ಲಿ ಇದು ಮಧ್ಯಮ ದರ್ಜೆ. ಆ ಪಟ್ಟಿಯ ಗೆರೆಗಳನ್ನು ಹೀಗೇ ಎಳೆಯಬೇಕು ಅಂತೇನಿಲ್ಲ ಅಂತ ಅವರೇ ಬರೆದಿದ್ದರು. ಅದನ್ನು ಮಾತ್ರ ಯಾರೂ ಉದ್ಧರಿಸುವುದಿಲ್ಲ. ಹಾಗಾಗಿ ಪ್ರಬಂಧದಲ್ಲಿ ಬರೀ ಶೇಕಡಾ ಒಪ್ಪಿಗೆ ಕೊಟ್ಟಿದ್ದರೆ, ಅಥವಾ ಎಲ್ಲ ಕೋಡ್‌ಗಳನ್ನೂ ಸೇರಿಸಿ ಒಂದೇ ಒಂದು ಕಪ್ಪಾ ಕೊಟ್ಟಿದ್ದರೆ ಸ್ವಲ್ಪ ಅನುಮಾನ ಪಡಿ. ಕೋಡ್‌ವಾರು ಕೊಟ್ಟರೆ ಮಾತ್ರ ಯಾವ ಕೋಡ್ ಸಡಿಲವಾಗಿದೆ ಅಂತ ಕಾಣುತ್ತದೆ.

ಸಡಿಲವಾಗಿದ್ದು ಯಾಕೆ ಅಂತ ನೋಡುವುದು ಈ ದಾರಿಯ ನಿಜವಾದ ಲಾಭ. ನಮ್ಮ ತುಣುಕಿನಲ್ಲಿ ಜಗಳ ಬೀಳುವುದು ಎರಡು ಕಡೆ. "ನಮ್ಮ ಮನೆಯವರು ಬೈತಾರೆ" ಅನ್ನುವುದನ್ನು ಒಬ್ಬರು ಇಡೀ ಕುಟುಂಬ ಅಂತ ಓದಿದರು. ಇನ್ನೊಬ್ಬರು, ಹಳ್ಳಿ ಕಡೆಯವರು, "ಮನೆಯವರು ಅಂದ್ರೆ ಗಂಡ ಕಣ್ರೀ" ಅಂದರು. ಇದಕ್ಕೆ ಪರಿಹಾರ ಸುಲಭ. ಕೋಡ್‌ಬುಕ್‌ನಲ್ಲಿ ಒಂದು ಸಾಲು ಸೇರಿಸಿ, ಹಿಂದೆ ಹೋಗಿ ಸರಿ ಮಾಡಿದರೆ ಆಯಿತು. ಇನ್ನೊಂದು ಜಗಳ "ಅದೇ ಓಣಿಯಲ್ಲಿ ನಾನು ಓಡಾಡಬೇಕಲ್ವಾ" ಅನ್ನುವುದರ ಮೇಲೆ. ಒಬ್ಬರಿಗೆ ಇದು ಒತ್ತಡ. ಇನ್ನೊಬ್ಬರಿಗೆ, ಊರಲ್ಲಿ ತನಗೊಂದು ಸ್ಥಾನ ಇದೆ ಎಂಬ ಹೆಮ್ಮೆ. ಕೋಡ್‌ಬುಕ್ ದಾರಿಯಲ್ಲಿ ಇದನ್ನೂ ನಿಯಮ ಮಾಡಿ ಮುಗಿಸಬೇಕು. "ಓಣಿ ಅಂತ ಬಂದರೆ ಒತ್ತಡ" ಅಂತ ಬರೆದರೆ ಕಪ್ಪಾ ಏರುತ್ತದೆ. ಆದರೆ ಆ ಮಾತಿನ ಎರಡು ಮುಖದಲ್ಲಿ ಒಂದು ಅಲ್ಲಿಗೆ ಮುಚ್ಚಿಹೋಯಿತು.

ಈ ದಾರಿ ಯಾವಾಗ ಬೇಕು? ಐದಾರು ಜನ ಸೇರಿ ನೂರಾರು ಸಂದರ್ಶನ ಕೋಡ್ ಮಾಡುವಾಗ ಬೇಕು. ಯಾವ ವಿಷಯ ಎಷ್ಟು ಜನರ ಬಾಯಲ್ಲಿ ಬಂತು ಅಂತ ಎಣಿಸಿ ಹೇಳುವಾಗಲೂ ಬೇಕು. ಆಗ ಓದುಗರಿಗೆ ಕೊಡಬೇಕಾದ ಸಾಕ್ಷಿ ಪೂರ್ತಿ ಕೋಡ್‌ಬುಕ್ ಮತ್ತು ಕೋಡ್‌ವಾರು ಒಪ್ಪಿಗೆ. ಕಪ್ಪಾ ಹೇಳುವುದು ಇಬ್ಬರೂ ಒಂದೇ ನಿಯಮ ಪಾಲಿಸಿದರು ಅಂತ ಮಾತ್ರ. ನಿಯಮವೇ ತಪ್ಪಿದ್ದರೆ ಇಬ್ಬರೂ ಒಟ್ಟಿಗೆ ತಪ್ಪುತ್ತಾರೆ.

ಎರಡನೆಯ ದಾರಿ: ಫ್ರೇಮ್‌ವರ್ಕ್

1980ರ ದಶಕದಲ್ಲಿ ಬ್ರಿಟನ್ನಿನ ನ್ಯಾಷನಲ್ ಸೆಂಟರ್ ಫಾರ್ ಸೋಷಿಯಲ್ ರಿಸರ್ಚ್‌ನಲ್ಲಿ ಬೆಳೆದ ವಿಧಾನ ಇದು. ಜೇನ್ ರಿಚಿ ಮತ್ತು ಲಿಜ್ ಸ್ಪೆನ್ಸರ್ 1994ರಲ್ಲಿ ವಿವರವಾಗಿ ಬರೆದರು. ಸರ್ಕಾರಕ್ಕೆ ನೀತಿ ಮಾಡುವವರಿಗೆ ಉತ್ತರ ಕೊಡಬೇಕಾದ ತಂಡಗಳು ಇದನ್ನು ಬಳಸುತ್ತಿದ್ದವು. ಈಗ ಆರೋಗ್ಯ ಸಂಶೋಧನೆಯಲ್ಲಿ ಜಾಸ್ತಿ ಕಾಣುತ್ತದೆ.

ಕೆಲಸ ಹೀಗೆ. ಮೊದಲ ಮೂರು ನಾಲ್ಕು ಸಂದರ್ಶನ ಓದಿ ಒಂದು ಚೌಕಟ್ಟು ಮಾಡಿಕೊಳ್ಳುತ್ತೀರಿ. ಉಳಿದವನ್ನು ಆ ಚೌಕಟ್ಟಿನ ಪ್ರಕಾರ ಗುರುತು ಹಾಕುತ್ತೀರಿ. ಆಮೇಲೆ ಎಕ್ಸೆಲ್ ಹಾಳೆ ತೆರೆದು, ಒಬ್ಬೊಬ್ಬರಿಗೆ ಒಂದು ಅಡ್ಡಸಾಲು, ಒಂದೊಂದು ವಿಷಯಕ್ಕೆ ಒಂದು ಕಂಬಸಾಲು ಮಾಡುತ್ತೀರಿ. ಪ್ರತಿ ಮನೆಯಲ್ಲೂ ಆ ವ್ಯಕ್ತಿ ಆ ವಿಷಯದ ಬಗ್ಗೆ ಹೇಳಿದ್ದರ ಸಾರ, ಜೊತೆಗೆ ಟ್ರಾನ್ಸ್‌ಕ್ರಿಪ್ಟಿನ ಸಾಲಿನ ನಂಬರ್. ಹದಿನಾರು ಜನ, ಏಳು ವಿಷಯ ಅಂದರೆ 112 ಮನೆ. ಒಂದು ವಾರ ಬೆನ್ನು ನೋವು ಗ್ಯಾರಂಟಿ.

ಆದರೆ ತುಂಬಿದ ಮೇಲೆ ಈ ಹಾಳೆ ತೋರಿಸುವುದನ್ನು ಬೇರೆ ಯಾವ ದಾರಿಯೂ ಇಷ್ಟು ಸಲೀಸಾಗಿ ತೋರಿಸುವುದಿಲ್ಲ. ಕಂಬಸಾಲು ಹಿಡಿದು ಕೆಳಗೆ ಇಳಿದರೆ ಹದಿನಾರು ಜನ ದುಡ್ಡಿನ ಬಗ್ಗೆ ಏನಂದರು ಅಂತ ಸಿಗುತ್ತದೆ. ಅಡ್ಡಸಾಲು ಹಿಡಿದು ಹೋದರೆ ಒಬ್ಬರ ಕಥೆ ಪೂರ್ತಿ ಉಳಿದಿರುತ್ತದೆ. ಸಾಲುಗಳನ್ನು ಸೇವೆಯ ವರ್ಷದ ಪ್ರಕಾರ ಜೋಡಿಸಿ ನೋಡಿ. ಹೊಸಬರ ಮನೆಗಳಲ್ಲಿ ಪ್ರೋತ್ಸಾಹಧನದ ಮಾತು ತುಂಬಿದ್ದು, ಹತ್ತು ವರ್ಷ ದಾಟಿದವರಲ್ಲಿ ಓಣಿ, ಅತ್ತೆ, ಕೂಸು ಬರುತ್ತಿದ್ದರೆ, ಅದು ನೀವು ಹುಡುಕದೇ ಸಿಕ್ಕ ವಿಷಯ. ಆಮೇಲೆ ಊರಿನಿಂದ ಆಸ್ಪತ್ರೆಗೆ ಎಷ್ಟು ದೂರ ಅನ್ನುವುದರ ಪ್ರಕಾರ ಜೋಡಿಸಿ ನೋಡಿ. ಮತ್ತೊಂದು ಕಾಣಬಹುದು, ಕಾಣದೆಯೂ ಇರಬಹುದು.

ಕೆಡುವುದು ಎಲ್ಲಿ? ಮನೆಯೊಳಗಿನ ಸಾರದಲ್ಲಿ. "ಅದೇ ಓಣಿಯಲ್ಲಿ ನಾನು ಓಡಾಡಬೇಕಲ್ವಾ" ಅನ್ನುವುದು ಹಾಳೆಗೆ ಇಳಿಯುವಾಗ "ಸಮುದಾಯದ ನಿರೀಕ್ಷೆ ಇದೆ" ಅಂತ ಆಗಿಬಿಡುತ್ತದೆ. ನಲವತ್ತನೇ ಮನೆಗೆ ಬರುವಷ್ಟರಲ್ಲಿ ಕೈ ಸೋತು ಎಲ್ಲರ ಮನೆಯಲ್ಲೂ ಅದೇ ವಾಕ್ಯ. ಪರೀಕ್ಷೆ ಮಾಡುವುದು ಸುಲಭ. ಒಂದು ಕಂಬಸಾಲು ಮಾತ್ರ ಬಿಟ್ಟು ಉಳಿದದ್ದು ಮರೆಮಾಡಿ. ಹೆಸರು ನೋಡದೆ ಇದು ಯಾರ ಮಾತು ಅಂತ ಹೇಳಲು ಒಂದು ಕಡೆಯೂ ಆಗದಿದ್ದರೆ ಸಾರ ತೀರಾ ಬಡವಾಗಿದೆ. ಆಡಿದವರ ಎರಡು ಪದವನ್ನಾದರೂ ಉದ್ಧರಣ ಚಿಹ್ನೆಯಲ್ಲಿ ಹಾಗೇ ಇಟ್ಟುಕೊಂಡರೆ ಇದು ತಪ್ಪುತ್ತದೆ.

ಇನ್ನೊಂದು ಮಿತಿ. ಎಲ್ಲರಿಗೂ ಸುಮಾರು ಅದೇ ಪ್ರಶ್ನೆ ಕೇಳಿದ್ದರೆ ಮಾತ್ರ ಹಾಳೆ ತುಂಬುತ್ತದೆ. ಒಬ್ಬೊಬ್ಬರು ಜೀವನ ಚರಿತ್ರೆ ಹೇಳಿದ್ದರೆ ಅರ್ಧ ಮನೆ ಖಾಲಿ ಉಳಿಯುತ್ತದೆ. ಆ ಖಾಲಿ ಮನೆ "ಹೇಳಲಿಲ್ಲ"ವೋ, "ನಾನು ಕೇಳಲಿಲ್ಲ"ವೋ ಅಂತ ಬೇರೆ ಬೇರೆ ಗುರುತು ಹಾಕಿ. ಎರಡೂ ಒಂದೇ ಅಲ್ಲ.

ಮೂರನೆಯ ದಾರಿ: ರಿಫ್ಲೆಕ್ಸಿವ್

ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಆರು ಹಂತದ ಒಂದು ವಿಧಾನ ಬರೆದರು. ನಮ್ಮ ಕಡೆಯ ಪ್ರಬಂಧಗಳಲ್ಲೂ ಈ ಹೆಸರು ಕಾಣುತ್ತದೆ. ಆದರೆ ಜನ ಆರು ಹಂತವನ್ನು ಅಡುಗೆ ಪುಸ್ತಕದ ಥರ ಅನುಸರಿಸಿ, ಕೊನೆಗೆ ಥೀಮ್ ಮೂಡಿಬಂತು ಅಂತ ಬರೆಯತೊಡಗಿದರು. 2019ರಲ್ಲಿ ಅವರಿಬ್ಬರೂ ತಮ್ಮ ವಿಧಾನಕ್ಕೆ ರಿಫ್ಲೆಕ್ಸಿವ್ ಎಂಬ ಪದ ಸೇರಿಸಿ, ಥೀಮ್ ಅಲ್ಲೇ ಕೂತು ಕಾಯುತ್ತಿರುವುದಿಲ್ಲ, ಸಂಶೋಧಕರು ಅದನ್ನು ಕಟ್ಟುತ್ತಾರೆ ಅಂತ ಖಡಾಖಂಡಿತವಾಗಿ ಹೇಳಿದರು.

ಕಟ್ಟುವುದು ಹೇಗೆ ಅಂತ ನಮ್ಮ ತುಣುಕಿನಲ್ಲೇ ನೋಡೋಣ. ಇಲ್ಲಿ ಕೋಡ್ ಮೊದಲೇ ಇರುವುದಿಲ್ಲ. ಸಾಲು ಸಾಲು ಓದುತ್ತಾ ಹೆಸರು ಕೊಡುತ್ತೀರಿ. "ಅದೇ ಓಣಿ" ಅಂತ ಒಂದು, ಆಡಿದವರ ಪದವನ್ನೇ ಇಟ್ಟುಕೊಂಡು. "ವರ್ಗಾವಣೆ ಇಲ್ಲದ ಕೆಲಸ" ಅಂತ ಇನ್ನೊಂದು. "ಬೈಲಿ ಅಂತ ಬಿಡುವುದು". "ಕೂಸು ಮೊದಲು ನನ್ನ ಕೈಗೆ". ಒಂದು ಸಂದರ್ಶನಕ್ಕೆ ನಲವತ್ತು ಐವತ್ತು ಆದರೂ ಹೆದರಬೇಡಿ.

ಈಗ ಥೀಮ್. ಮೊದಲ ಸಲ ಮನಸ್ಸಿಗೆ ಬರುವುದು "ಆಶಾ ಕಾರ್ಯಕರ್ತೆಯರ ಸವಾಲುಗಳು". ಇದು ಥೀಮ್ ಅಲ್ಲ, ಡಬ್ಬಿ. ಏನು ಬೇಕಾದರೂ ಹಾಕಬಹುದು. ಗುರುತಿಸುವುದು ಹೇಗೆ? ಆ ಹೆಸರನ್ನು ಸಂದರ್ಶನ ಶುರುವಾಗುವ ಮೊದಲೇ, ಪ್ರಶ್ನಾವಳಿ ನೋಡಿಯೇ ಬರೆಯಬಹುದಿತ್ತಾ? ಹೌದಾದರೆ ಅದು ನಿಮ್ಮ ಪ್ರಶ್ನೆಯ ತಲೆಬರಹ, ಅಷ್ಟೆ.

ಎರಡನೇ ಪ್ರಯತ್ನ "ಸೇವಾ ಮನೋಭಾವ". ಇದು ಚೆಂದ ಕಾಣುತ್ತದೆ, ಸಾಕಷ್ಟು ಜನ "ಸೇವೆ" ಅಂತ ಹೇಳಿಯೂ ಇದ್ದಾರೆ. ಆದರೆ ಎಲ್ಲಿ ಹೇಳಿದ್ದಾರೆ ಅಂತ ಟ್ರಾನ್ಸ್‌ಕ್ರಿಪ್ಟಿಗೆ ಮರಳಿ ನೋಡಿ. ಸೇವೆ ಎಂಬ ಮಾತು ಮೊದಲ ಐದು ನಿಮಿಷದಲ್ಲಿ, "ನಿಮ್ಮ ಕೆಲಸದ ಬಗ್ಗೆ ಹೇಳಿ" ಅಂದಾಗ ಬಂದಿದೆ. ರಾತ್ರಿ ಎದ್ದು ಹೋದ ಕಥೆ ಹೇಳುವಾಗ ಒಬ್ಬರ ಬಾಯಲ್ಲೂ ಇಲ್ಲ. ಅಲ್ಲಿ ಇರುವುದು ಓಣಿ, ಟ್ರಾನ್ಸ್‌ಫರ್, ಮುಖ ತೋರಿಸುವುದು. ಹಾಗಾದರೆ "ಸೇವೆ" ಅನ್ನುವುದು ತರಬೇತಿಯಲ್ಲಿ ಕಲಿತ, ಹೊರಗಿನವರ ಮುಂದೆ ಆಡುವ ಮಾತು ಇರಬಹುದು. ಹಾಗಾಗಿ ಈ ಥೀಮನ್ನು ಕೈಬಿಡುತ್ತೀರಿ. ಬಿಟ್ಟಿದ್ದನ್ನು ಮೆಮೊದಲ್ಲಿ, ಅಂದರೆ ಕೋಡಿಂಗ್ ಜೊತೆಗೇ ನಿಮಗಾಗಿ ಬರೆದುಕೊಳ್ಳುವ ಟಿಪ್ಪಣಿಯಲ್ಲಿ, ಬರೆದಿಟ್ಟುಕೊಳ್ಳುತ್ತೀರಿ.

ಆಗ ಇನ್ನೊಂದು ಪ್ರಶ್ನೆ ಬರುತ್ತದೆ. ಹೊರಗಿನವರು ಅಂದರೆ ಯಾರು? ನೀವೇ. ತಾಲ್ಲೂಕು ಆರೋಗ್ಯ ಕಚೇರಿಯ ಪತ್ರ ಹಿಡಿದು ಹೋಗಿದ್ದೀರಿ. "ಮೇಡಂ" ಅಂತ ಕರೆದಿದ್ದಾರೆ. "ದುಡ್ಡಿಗಲ್ಲ ಮೇಡಂ" ಅನ್ನುವ ಮಾತು ಇಲಾಖೆಯವರ ಮುಂದೆ ದುಡ್ಡಿನಾಸೆ ತೋರಿಸಬಾರದು ಅಂತ ಬಂದದ್ದಾ? ಇದ್ದರೂ ಇರಬಹುದು. ರಿಫ್ಲೆಕ್ಸಿವ್ ಅಂದರೆ "ನಾನು ಮಧ್ಯಮವರ್ಗದ ಮಹಿಳಾ ಸಂಶೋಧಕಿ" ಅಂತ ಒಂದು ಪ್ಯಾರಾ ಬರೆದು ಕೈತೊಳೆದುಕೊಳ್ಳುವುದಲ್ಲ. ಈ ಸಾಲಿನ ಓದು ನನ್ನ ಕೈಯಲ್ಲಿದ್ದ ಪತ್ರದಿಂದ ಹೀಗೆ ಬದಲಾಯಿತು ಅಂತ ಸಾಲು ಹಿಡಿದು ತೋರಿಸುವುದು.

ಮೂರನೇ ಪ್ರಯತ್ನ: "ಊರು ಬಿಟ್ಟು ಹೋಗಲಾಗದವರ ಲೆಕ್ಕ". ಸಿಸ್ಟರ್‌ಗೆ ವರ್ಗ ಆಗುತ್ತದೆ, ಇವರಿಗೆ ಇಲ್ಲ. ಹಾಗಾಗಿ ಇವತ್ತು ಹೋಗದಿದ್ದರೆ ನಾಳೆ ಓಣಿಯಲ್ಲಿ ಬಾಕಿ. ಹೋದರೆ ಕೂಸು ಮೊದಲು ಕೈಗೆ ಬರುತ್ತದೆ. ಒತ್ತಡವೂ ಮಾನವೂ ಒಂದೇ ಖಾತೆಯ ಎರಡು ಕಡೆ. ಕೋಡ್‌ಬುಕ್ ದಾರಿಯಲ್ಲಿ ಇಬ್ಬರು ಕೋಡರ್ ಜಗಳವಾಡಿದ ಜಾಗವೇ ಇಲ್ಲಿ ಥೀಮಿನ ತಿರುಳು.

ಇಷ್ಟಕ್ಕೆ ನಿಲ್ಲಿಸಿದರೆ ಅದು ಚೆಂದದ ಕಥೆಯಾಗುತ್ತದೆ. ಈಗ ಇದಕ್ಕೆ ವಿರುದ್ಧ ಹೋಗುವವರನ್ನು ಹುಡುಕಬೇಕು. ಹದಿನಾರರಲ್ಲಿ ಒಬ್ಬರು ಹೇಳಿದ್ದಾರೆ: "ಒಂಬತ್ತಾದ ಮೇಲೆ ಫೋನ್ ಆಫ್. 108 ಇದೆಯಲ್ಲ, ಬರ್ತದೆ." ಇವರೂ ಅದೇ ಊರಿನವರೇ, ವರ್ಗವೂ ಇಲ್ಲ. ಮತ್ತೆ ಓದಿದರೆ ಇವರ ಊರು ಹೆದ್ದಾರಿ ಪಕ್ಕ, ಆಂಬುಲೆನ್ಸ್ ಬೇಗ ಬರುತ್ತದೆ. ಅಂದರೆ ಬಾಕಿ ಹುಟ್ಟುವುದು ಬೇರೆ ಯಾರೂ ಬರುವುದಿಲ್ಲ ಅಂತ ಊರಿಗೆ ಗೊತ್ತಿರುವ ಕಡೆ. ಥೀಮಿನ ವಿವರಣೆಗೆ ಈ ಮಿತಿ ಸೇರಿತು. ಹೆಸರು ಅದೇ ಉಳಿಯಿತು.

ಬೆರಕೆ ಮಾಡಿದರೆ

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ರಿಫ್ಲೆಕ್ಸಿವ್ ಅಂತ ಬರೆದುಕೊಂಡು, ಪರೀಕ್ಷಕರು ಕೇಳಿಯಾರು ಅಂತ ಹೆದರಿ, ಸ್ನೇಹಿತೆಯ ಹತ್ತಿರ ಎರಡು ಸಂದರ್ಶನ ಕೋಡ್ ಮಾಡಿಸಿ ಒಂದು ಕಪ್ಪಾ ಅಂಟಿಸಿದ್ದೆ. ವೈವಾದಲ್ಲಿ ಬಂದ ಪ್ರಶ್ನೆ ಸರಳವಾಗಿತ್ತು: "ಥೀಮನ್ನು ನೀವು ಕಟ್ಟಿದ್ದು ಅಂತೀರಿ. ಹಾಗಾದರೆ ಇನ್ನೊಬ್ಬರಿಗೂ ಅದೇ ಕೋಡ್ ಯಾಕೆ ಬರಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಪ್ಪಾ ನಿಂತಿರುವುದು ಕೋಡ್ ಹೊರಗೆ ಇದೆ, ಇಬ್ಬರಿಗೂ ಕಾಣಬೇಕು ಎಂಬ ನಂಬಿಕೆಯ ಮೇಲೆ. ರಿಫ್ಲೆಕ್ಸಿವ್ ನಿಂತಿರುವುದು ಓದುವವರ ಮೇಲೆ ಅರ್ಥ ಬದಲಾಗುತ್ತದೆ ಎಂಬುದರ ಮೇಲೆ. ಎರಡನೆಯವರನ್ನು ಕೂರಿಸಿಕೊಳ್ಳಬಹುದು, ಖಂಡಿತ. ಆದರೆ ಅವರ ಕೆಲಸ "ಇದನ್ನು ಬೇರೆ ಥರ ಓದಬಹುದಲ್ವಾ" ಅಂತ ಕೆದಕುವುದು.

ಫ್ರೇಮ್‌ವರ್ಕ್ ಮಧ್ಯದಲ್ಲಿದೆ. ಅದರ ಹಾಳೆಯನ್ನು ರಿಫ್ಲೆಕ್ಸಿವ್ ಮಾಡುವವರು ಎರವಲು ಪಡೆದರೆ ತಪ್ಪಿಲ್ಲ. ಮೇಲಿನ 108ರ ಹೆಂಗಸು ಹಾಳೆಯಲ್ಲಿ ಒಂದೇ ನೋಟಕ್ಕೆ ಸಿಗುತ್ತಿದ್ದರು.

ಓದುಗರಿಗೆ ದಾರಿ ತೋರಿಸುವುದು

ಲಿಂಕನ್ ಮತ್ತು ಗೂಬಾ 1985ರಲ್ಲಿ ಆಡಿಟ್ ಟ್ರೇಲ್ ಎಂಬ ಮಾತನ್ನು ಗುಣಾತ್ಮಕ ಸಂಶೋಧನೆಯಲ್ಲಿ ಬಳಕೆಗೆ ತಂದರು. ಲೆಕ್ಕಪತ್ರ ತಪಾಸಣೆಯ ಮಾತು. ಬೇರೆಯವರು ಬಂದು ಕಡತ ತೆರೆದರೆ ಹೆಜ್ಜೆ ಹೆಜ್ಜೆ ಹಿಂದೆ ಹೋಗಲು ಆಗಬೇಕು. ಇದಕ್ಕಾಗಿ ದೊಡ್ಡ ಅನುಬಂಧ ಬೇಡ. ಒಂದೊಂದು ಥೀಮ್‌ಗೆ ಅರ್ಧ ಪುಟ ಸಾಕು. ನಮ್ಮ ಉದಾಹರಣೆಗೆ ಅದು ಹೀಗಿರುತ್ತದೆ:

ಮಾತು: ಸಂದರ್ಶನ 7, ಸಾಲು 212–218.
ಮೊದಲ ಕೋಡ್: ಊರಿನ ಒತ್ತಡ.
ಬದಲಾದ ಕೋಡ್: ಅದೇ ಓಣಿ. ಕಾರಣ: "ಒತ್ತಡ" ಅಂದರೆ ಕೂಸನ್ನು ಮೊದಲು ಕೈಗೆ ಕೊಟ್ಟ ಸಾಲು ಹೊರಗೆ ಉಳಿಯುತ್ತದೆ.
ಬಿಟ್ಟ ಥೀಮ್: ಸೇವಾ ಮನೋಭಾವ. ಕಾರಣ: ರಾತ್ರಿಯ ಕಥೆಗಳಲ್ಲಿ ಈ ಪದ ಇಲ್ಲ.
ಉಳಿದ ಥೀಮ್: ಊರು ಬಿಟ್ಟು ಹೋಗಲಾಗದವರ ಲೆಕ್ಕ.
ಎದುರು ಸಾಕ್ಷಿ: ಸಂದರ್ಶನ 12. ಅದರಿಂದ ಸೇರಿಸಿದ ಮಿತಿ: ಆಂಬುಲೆನ್ಸ್ ಬೇಗ ಬರುವ ಊರಿಗೆ ಇದು ಅನ್ವಯಿಸದೆ ಇರಬಹುದು.

ಇದನ್ನು ಕೊನೆಗೆ ಕೂತು ನೆನಪಿನಿಂದ ಬರೆಯಲು ಹೋಗಬೇಡಿ. ಆಗ ಎಲ್ಲವೂ ಮೊದಲೇ ಗೊತ್ತಿದ್ದಂತೆ ನೇರ ಗೆರೆಯಾಗಿ ಬರುತ್ತದೆ. ಕೋಡ್ ಹೆಸರು ಬದಲಾಯಿಸಿದ ದಿನವೇ ತಾರೀಖು ಹಾಕಿ ಎರಡು ಸಾಲು ಬರೆಯಿರಿ. ಫೈಲನ್ನು ತಿದ್ದಿ ಸೇವ್ ಮಾಡುವ ಬದಲು ಹೊಸ ಹೆಸರಿನಲ್ಲಿ ಸೇವ್ ಮಾಡಿ.

ಉದ್ಧರಣೆಗಳದ್ದೂ ಒಂದು ಪರೀಕ್ಷೆ ಇದೆ. ಫಲಿತಾಂಶದ ಅಧ್ಯಾಯದಲ್ಲಿ ಬಳಸಿದ ಮಾತುಗಳೆಲ್ಲ ಯಾವ ಸಂದರ್ಶನದ್ದು ಅಂತ ಎಣಿಸಿ. ಹನ್ನೆರಡು ಉದ್ಧರಣೆಯಲ್ಲಿ ಎಂಟು ಒಬ್ಬರದೇ ಆಗಿದ್ದರೆ, ನೀವು ಚೆನ್ನಾಗಿ ಮಾತಾಡುವ ಒಬ್ಬರಿಗೆ ಮನಸೋತಿದ್ದೀರಿ. ಎಲ್ಲರಿಗೂ ಆಗುತ್ತದೆ. ಉಳಿದ ಹದಿನೈದನ್ನು ಮತ್ತೆ ತೆರೆಯಿರಿ.

ಭಾಷೆಯ ಮಾತು. ಸಂದರ್ಶನ ಕನ್ನಡದಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ ಅಂತಾದರೆ ಕೋಡಿಂಗ್ ಕನ್ನಡದ ಮೇಲೇ ಮಾಡಿ, ಅನುವಾದ ಕೊನೆಗೆ ಇರಲಿ. ಮೊದಲೇ ಅನುವಾದ ಮಾಡಿಸಿದರೆ "ಮನೆಯವರು" ಎಂಬುದು ಫ್ಯಾಮಿಲಿ ಮೆಂಬರ್ಸ್ ಆಗಿ ಬರುತ್ತದೆ, ಗಂಡ ಮಾಯ. "ಓಡಾಡಬೇಕಲ್ವಾ" ಎಂಬುದರಲ್ಲಿನ "ಅಲ್ವಾ" ಉದುರಿಹೋಗುತ್ತದೆ. ಆ "ಅಲ್ವಾ"ದಲ್ಲಿ ಕೇಳುವವರನ್ನೂ ಓಣಿಯೊಳಗೆ ಎಳೆದುಕೊಂಡಿದ್ದರು. ಇಂಥ ಪದದ ಮೇಲೇ ಅರ್ಥ ನಿಂತಿರುವ ನಾಲ್ಕೈದು ಉದ್ಧರಣೆಗಾದರೂ ಮೂಲ ಕನ್ನಡವನ್ನು ಪಕ್ಕದಲ್ಲಿ ಕೊಡಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಎನ್‌ವಿವೊಗೆ ದುಡ್ಡು ಬೇಕು, ಟ್ಯಾಗೆಟ್ ಮತ್ತು ಕ್ವಾಲ್‌ಕೋಡರ್ ಉಚಿತ, ಫ್ರೇಮ್‌ವರ್ಕ್‌ಗೆ ಎಕ್ಸೆಲ್ ಸಾಕು. ನಮ್ಮವರಿಗೆ ಇರುವ ಒಂದೇ ಬಲೆ ಫಾಂಟ್. ಟೈಪಿಸ್ಟ್ ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಹೊಡೆದುಕೊಟ್ಟಿದ್ದರೆ ಸಾಫ್ಟ್‌ವೇರ್ ಒಳಗೆ ಅದು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ಮೊದಲೇ ಯುನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಸರಿ ಬಂತಾ ಅಂತ ಒಂದು ಪುಟ ಓದಿ ನೋಡಿ.

ಹಾಗಾದರೆ ನೀವು?

ಒಬ್ಬರೇ ಕೂತು ಪಿಎಚ್.ಡಿ. ಮಾಡುತ್ತಿದ್ದೀರಿ, ಪ್ರಶ್ನೆಯಲ್ಲಿ "ಯಾಕೆ", "ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ" ಅಂತ ಇದೆ, ಮೆಮೊ ಬರೆಯುವ ತಾಳ್ಮೆ ಇದೆ ಅಂದರೆ ರಿಫ್ಲೆಕ್ಸಿವ್. ಸಂಸ್ಥೆಯೊಂದಕ್ಕೆ ಮೂರು ತಿಂಗಳಲ್ಲಿ ವರದಿ ಕೊಡಬೇಕು, ಮೂರು ನಾಲ್ಕು ಜನ ಇದ್ದೀರಿ, ಯಾರು ಯಾರಿಗಿಂತ ಹೇಗೆ ಬೇರೆ ಅಂತ ಹೇಳಬೇಕು ಅಂದರೆ ಫ್ರೇಮ್‌ವರ್ಕ್. ನಾನಂತೂ ಮೊದಲ ಸಲ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹಾಳೆಯೇ ತೋರಿಸುತ್ತದೆ. ನೂರು ದಾಟಿದ ಸಣ್ಣ ಸಣ್ಣ ಸಂದರ್ಶನ, ಎಣಿಕೆ ಬೇಕು ಅಂದರೆ ಕೋಡ್‌ಬುಕ್ ಮತ್ತು ಇಬ್ಬರು ಕೋಡರ್.

ಪತ್ರಿಕೆಗೆ ಕಳಿಸುವಾಗ ಕೋರೆಕ್ ಪಟ್ಟಿ ತುಂಬಿ ಅನ್ನಬಹುದು. ಸಂದರ್ಶನ ಆಧರಿಸಿದ ಸಂಶೋಧನೆಯ ವರದಿಯಲ್ಲಿ ಏನೇನು ಹೇಳಿರಬೇಕು ಅಂತ 2007ರಲ್ಲಿ ಬಂದ 32 ಅಂಶಗಳ ಪಟ್ಟಿ ಅದು. ಎಷ್ಟು ಜನ ಕೋಡ್ ಮಾಡಿದರು, ಕೋಡಿಂಗ್ ಮರ, ಅಂದರೆ ಯಾವ ಕೋಡ್ ಯಾವುದರ ಕೆಳಗೆ ಬರುತ್ತದೆ ಅಂತ ತೋರಿಸುವ ನಕ್ಷೆ, ಎಲ್ಲಿದೆ ಅಂತ ಅದರಲ್ಲಿ ಕೇಳುತ್ತಾರೆ. ರಿಫ್ಲೆಕ್ಸಿವ್ ಮಾಡಿದವರು ಇಲ್ಲದ ಮರವನ್ನು ಕೊನೇ ಗಳಿಗೆಯಲ್ಲಿ ಬರೆದು ಕೊಡುವ ಬದಲು, ಈ ವಿಧಾನದಲ್ಲಿ ಅದು ಯಾಕಿಲ್ಲ ಅಂತ ಎರಡು ಸಾಲು ಬರೆದು, ಮೇಲಿನ ಅರ್ಧ ಪುಟದ ದಾರಿಯನ್ನು ಲಗತ್ತಿಸಬಹುದು.

ಲಗತ್ತಿಸುವ ಮೊದಲು ಒಂದು ಸಲ ಆ ಊರಿನವರ ಕಣ್ಣಿಂದ ಓದಿ. ಸಾವಿರ ಜನಕ್ಕೆ ಒಬ್ಬರೇ ಆಶಾ. ಹೆದ್ದಾರಿ ಪಕ್ಕದ ಊರು, ಹನ್ನೆರಡು ವರ್ಷ ಸೇವೆ, ರಾತ್ರಿ ಫೋನ್ ಆಫ್ ಅಂತ ಬರೆದರೆ ಹೆಸರು ಬರೆಯುವ ಅಗತ್ಯವೇ ಇಲ್ಲ. ಮೇಲಧಿಕಾರಿಗೆ ಯಾರು ಅಂತ ಗೊತ್ತಾಗುತ್ತದೆ. ಥೀಮಿನ ಮಿತಿಗೆ ಬೇಕಾಗಿದ್ದು ಆಂಬುಲೆನ್ಸ್ ಬೇಗ ಬರುತ್ತದೆ ಎಂಬುದು ಮಾತ್ರ. ಹೆದ್ದಾರಿ, ವರ್ಷ ಎರಡನ್ನೂ ತೆಗೆಯಿರಿ. "ಗುರುತು ಸಿಗಬಾರದೆಂದು ಎರಡು ವಿವರ ತೆಗೆದಿದೆ" ಅಂತ ಆ ಜಾಗದಲ್ಲೇ ಬರೆಯಿರಿ.